ಗೋಲಿಬಾರಿನ ದೃಶ್ಯಕ್ಕೆ ಕೆಂಪು ಬೆಳಕು ಬೇಡವಾದದ್ದು: ನಾಟಕದ ಪ್ರತಿಯಲ್ಲಿ ರಂಗಸೂಚನೆ ಮತ್ತು ಬೆಳಕಿನ ಸೂಚನೆ

ಅಂತರ ಕಾಲೇಜು ನಾಟಕ ಸ್ಪರ್ಧೆಗಾಗಿ ನಮ್ಮ ತಂಡ ವಿದುರಾಶ್ವತ್ಥದ ಗೋಲಿಬಾರನ್ನು ಕುರಿತು ಅರ್ಧ ಗಂಟೆಯ ನಾಟಕವೊಂದನ್ನು ಸಿದ್ಧಪಡಿಸಿತು. ನಾಟಕ ಬರೆದವರು ನಮ್ಮ ಸಹಪಾಠಿಯೊಬ್ಬರು. ರಂಗನಿರ್ವಹಣೆ ನನ್ನ ಪಾಲಿಗೆ ಬಂತು. ಅಂದರೆ ಸಂಭಾಷಣೆಯ ನಡುವೆ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ನಡೆಯಬೇಕು, ಯಾವ ದೀಪ ಯಾವಾಗ ಹತ್ತಬೇಕು ಎಂಬುದನ್ನೆಲ್ಲ ಪ್ರತಿಯಲ್ಲಿ ಬರೆದು, ಅದರಂತೆ ನಡೆಯುವ ಹಾಗೆ ನೋಡಿಕೊಳ್ಳುವ ಕೆಲಸ. ಬಿ.ಇಡಿ. ಪಠ್ಯಕ್ರಮದಲ್ಲಿ ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಎಂಬ ವಿಷಯ ನಮಗೆಲ್ಲ ಇದೆ. ಅಲ್ಲಿ ಅಭಿನಯದ ಬಗ್ಗೆ ಸಾಕಷ್ಟು ಮಾತು ಬರುತ್ತದೆ, ಪ್ರತಿಯನ್ನು ರಂಗಕ್ಕೆ ಸಿದ್ಧಪಡಿಸುವ ಬರವಣಿಗೆಯ ಬಗ್ಗೆ ಕಡಿಮೆ. ಆದ್ದರಿಂದ ಆ ಒಂದು ಕೆಲಸವನ್ನೇ ಇಲ್ಲಿ ವಿವರಿಸುತ್ತೇನೆ.

ನಮ್ಮ ಸಂದರ್ಭದಲ್ಲಿ ಈ ಬರವಣಿಗೆಗೆ ಇನ್ನೊಂದು ಕಾರಣವೂ ಇತ್ತು. ಬೋಧನಾಭ್ಯಾಸಕ್ಕಾಗಿ ನಾವೆಲ್ಲ ಚದುರಿಹೋಗಿದ್ದೆವು. ಯುವಕನ ಪಾತ್ರಧಾರಿ ಗೌರಿಬಿದನೂರಿನ ಶಾಲೆಯಲ್ಲಿ, ಅಜ್ಜಿಯ ಪಾತ್ರದವಳು ಚಿಂತಾಮಣಿಯಲ್ಲಿ, ತಮಟೆ ಬಾರಿಸುವವನು ಮತ್ತು ನಾನು ಶಿಡ್ಲಘಟ್ಟದಲ್ಲಿ, ಉಳಿದವರು ಚಿಕ್ಕಬಳ್ಳಾಪುರದಲ್ಲಿ. ಭಾನುವಾರ ಮಾತ್ರ ಎಲ್ಲರೂ ಚಿಕ್ಕಬಳ್ಳಾಪುರದಲ್ಲಿ ಸೇರುತ್ತಿದ್ದೆವು. ಉಳಿದ ಆರು ದಿನ ಪ್ರತಿಯೊಬ್ಬರ ಕೈಯಲ್ಲಿ ಇದ್ದದ್ದು ಝೆರಾಕ್ಸ್ ಪ್ರತಿ ಮಾತ್ರ. ಒಂದು ಸೂಚನೆಯನ್ನು ನಾಲ್ಕು ಊರುಗಳಲ್ಲಿ ನಾಲ್ವರು ಓದಿ ನಾಲ್ಕು ರೀತಿ ಅರ್ಥ ಮಾಡಿಕೊಂಡರೆ ಭಾನುವಾರದ ಮೂರು ಗಂಟೆ ಅದನ್ನು ಸರಿಮಾಡುವುದರಲ್ಲೇ ಮುಗಿಯುತ್ತದೆ.

ಎರಡು ಬಗೆಯ ಸೂಚನೆ

ನಾಟಕಕಾರರು ಬರೆಯುವ ರಂಗಸೂಚನೆ ಓದುಗನಿಗಾಗಿ ಇರುತ್ತದೆ. ನಮ್ಮ ಮೂಲ ಪ್ರತಿಯಲ್ಲಿ ಒಂದು ಕಡೆ ಹೀಗಿತ್ತು: "ಜಾತ್ರೆಯ ಗದ್ದಲ ತಣ್ಣಗಾಗುತ್ತದೆ. ಸೂರ್ಯನೇ ನಾಚಿ ಕೆಂಪಾಗುತ್ತಾನೆ." ಓದುವುದಕ್ಕೆ ಚೆನ್ನಾಗಿದೆ. ನಾಟಕಕಾರರ ಮನಸ್ಸಿನಲ್ಲಿ ಏನಿದೆ ಎಂದು ನಟರಿಗೂ ತಿಳಿಯುತ್ತದೆ. ಆದರೆ ದೀಪದ ಸ್ವಿಚ್ಚಿನ ಮುಂದೆ ಕುಳಿತವನು ಇದನ್ನು ಓದಿ ಏನು ಮಾಡಬೇಕು? ಗದ್ದಲ ಯಾವ ಕ್ಷಣಕ್ಕೆ ತಣ್ಣಗಾಯಿತು? ಎಷ್ಟು ಕೆಂಪು? ಎಷ್ಟು ಹೊತ್ತಿನಲ್ಲಿ?

ರಂಗಪ್ರತಿಯ ಸೂಚನೆ ಇದಕ್ಕಿಂತ ಒಣಕಲು. ಅದರಲ್ಲಿ ಕಾಣುವ ಕ್ರಿಯೆ, ಜಾಗ ಮತ್ತು ಕ್ಷಣ ಇರಬೇಕು. ಮೂಲದ ಸಾಲನ್ನು ನಾವು ಅಳಿಸಲಿಲ್ಲ. ಪುಟದ ಎಡಭಾಗದಲ್ಲಿ ಅದು ಹಾಗೆಯೇ ಉಳಿಯಿತು, ಬಲಭಾಗದಲ್ಲಿ ಕೆಲಸದ ಸೂಚನೆ ಬಂತು. ಪಾಠಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂದು ಅಂಕಣ ಎಳೆದು ಬರೆದು ಅಭ್ಯಾಸವಾಗಿದ್ದ ನಮಗೆ ಈ ವಿಭಜನೆ ಹೊಸದೇನೂ ಅನ್ನಿಸಲಿಲ್ಲ.

ಜಾಗವನ್ನು ಹೇಳುವಾಗ ಒಂದು ಗೊಂದಲ ಸದಾ ಬರುತ್ತದೆ. ರಂಗದ ಬಲ, ಎಡ ಎಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಬಲ, ಎಡ. ಪ್ರೇಕ್ಷಕರ ಸಾಲಿನಲ್ಲಿ ಕುಳಿತು ನಿರ್ದೇಶಿಸುವವರಿಗೆ ಅದು ತಿರುವುಮುರುವಾಗಿ ಕಾಣುತ್ತದೆ. ತರಗತಿಯಲ್ಲಿ ವ್ಯಾಯಾಮ ಹೇಳಿಕೊಡುವಾಗ "ಬಲಗೈ ಎತ್ತಿ" ಎಂದು ನಾವು ಎಡಗೈ ಎತ್ತುತ್ತೇವಲ್ಲ, ಅದೇ ತೊಡಕು. ಪ್ರತಿಯ ಮೊದಲ ಪುಟದಲ್ಲೇ ರಂಗದ ಚೌಕ ಬರೆದು ಅದನ್ನು ಆರು ಭಾಗ ಮಾಡಿದೆವು: ಪ್ರೇಕ್ಷಕರಿಗೆ ಹತ್ತಿರದ ಸಾಲು ಮುಂರಂಗ, ಹಿಂದಿನದು ಹಿಂರಂಗ, ಪ್ರತಿಯೊಂದರಲ್ಲೂ ಎಡ, ನಡು, ಬಲ. ಹತ್ತು ಅಡಿ ಆಳದ ವೇದಿಕೆಗೆ ಇದಕ್ಕಿಂತ ಹೆಚ್ಚಿನ ಭಾಗಗಳು ಬೇಕಾಗುವುದಿಲ್ಲ.

ರಂಗಸೂಚನೆ ನಾಟಕದ ಕಟ್ಟಡವನ್ನೇ ಹೊರಬಲ್ಲದು ಎಂಬುದಕ್ಕೆ ಗಿರೀಶ ಕಾರ್ನಾಡರ 'ತುಘಲಕ್' ನಮಗೆಲ್ಲ ಗೊತ್ತಿರುವ ಉದಾಹರಣೆ. ಕಂಪನಿ ನಾಟಕಗಳಲ್ಲಿ ಪರದೆಯ ಮುಂದೆ, ಕಿರಿದಾದ ಜಾಗದಲ್ಲಿ ಬೀದಿಯ ದೃಶ್ಯ ನಡೆಯುತ್ತಿದ್ದರೆ, ಹಿಂದುಗಡೆ ಅರಮನೆಯ ದೃಶ್ಯಕ್ಕೆ ತಯಾರಿ ನಡೆಯುತ್ತಿತ್ತು. ಆ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ನಾಟಕದ ದೃಶ್ಯಗಳನ್ನು ಹೊಂದಿಸಿದ್ದಾಗಿ ಕಾರ್ನಾಡರು ಹೇಳಿಕೊಂಡಿದ್ದಾರೆ. ನಮ್ಮ ಸ್ಪರ್ಧೆಯ ವೇದಿಕೆಯಲ್ಲಿ ನಡುಪರದೆ ಇರುವುದಿಲ್ಲ. ಆ ಕೆಲಸವನ್ನು ಬೆಳಕು ಮಾಡಬೇಕಾಗುತ್ತದೆ: ಜಾತ್ರೆಯ ಹಿಂದಿನ ರಾತ್ರಿಯ ಮಾತುಕತೆ ಮುಂರಂಗದ ಎರಡು ದೀಪದಲ್ಲಿ ನಡೆಯುತ್ತಿರುವಾಗ ಹಿಂರಂಗದ ಮಬ್ಬಿನಲ್ಲಿ ಇಬ್ಬರು ಬಾವುಟದ ಕಂಬ ನಿಲ್ಲಿಸುತ್ತಾರೆ.

ಒಂದು ಬೆಳಕಿನ ಸೂಚನೆಯಲ್ಲಿ ಏನೇನಿರಬೇಕು

ಪ್ರತಿಯೊಂದು ಬೆಳಕಿನ ಬದಲಾವಣೆಗೂ ಒಂದು ಸಂಖ್ಯೆ ಕೊಟ್ಟೆವು: ಬೆ 1, ಬೆ 2 ಹೀಗೆ. ಇಡೀ ನಾಟಕಕ್ಕೆ ಏಳು. ಒಂದೊಂದು ಸೂಚನೆಯನ್ನೂ ಎರಡು ಸಲ ಬರೆಯಬೇಕು. ಮೊದಲ ಸಲ, ಸುಮಾರು ಅರ್ಧ ಪುಟ ಮುಂಚೆ, "ಸಿದ್ಧ" ಎಂದು. ಎರಡನೇ ಸಲ, ಬದಲಾವಣೆ ನಡೆಯುವ ಜಾಗದಲ್ಲಿ. ಸ್ಪರ್ಧೆಯಲ್ಲಿ ದೀಪ ನಡೆಸುವವರು ಆತಿಥೇಯ ಕಾಲೇಜು ಗೊತ್ತುಮಾಡಿದ ವ್ಯಕ್ತಿ. ಅವರು ನಮ್ಮ ನಾಟಕ ನೋಡಿರುವುದಿಲ್ಲ, ಬೆಳಿಗ್ಗೆಯಿಂದ ಐದಾರು ನಾಟಕ ನಡೆಸಿ ದಣಿದಿರುತ್ತಾರೆ. ಅವರ ಪಕ್ಕದಲ್ಲಿ ನಮ್ಮವನೊಬ್ಬ ಪ್ರತಿ ಹಿಡಿದು ಕೂರುತ್ತಾನೆ. "ಬೆ 4 ಸಿದ್ಧ" ಎಂದಾಗ ಅವರ ಕೈ ಸರಿಯಾದ ಸ್ವಿಚ್ಚಿಗೆ ಹೋಗಲು ಸಮಯ ಸಿಗುತ್ತದೆ, "ಗೋ" ಎಂದಾಗ ಒತ್ತುತ್ತಾರೆ. ಈ "ಗೋ" ಎಂಬ ಶಬ್ದವನ್ನು ಅಲ್ಲಿ ಬೇರೆ ಯಾವ ಮಾತಿಗೂ ಬಳಸಬಾರದು. "ಹಾಕಿ", "ಹೋಯ್ತು" ಮುಂತಾದವು ಬೇಡ. ನಮ್ಮ ಕಡೆ "ಹೋಯ್ತು" ಎಂದರೆ ಕರೆಂಟ್ ಹೋಯ್ತು ಎಂದೇ ಅರ್ಥ!

ಸೂಚನೆಯ ಒಳಗೆ ಮೂರು ಸಂಗತಿ ಇರಬೇಕು. ಯಾವ ಗುರುತಿಗೆ ಬದಲಾಯಿಸಬೇಕು, ಯಾವ ದೀಪ ಎಷ್ಟಕ್ಕೆ ಬರಬೇಕು, ಎಷ್ಟು ಸೆಕೆಂಡಿನಲ್ಲಿ. ಕೊನೆಯ ಎರಡು ಸುಲಭ. ಕಷ್ಟವಿರುವುದು ಗುರುತನ್ನು ಆರಿಸುವುದರಲ್ಲಿ.

ಸಾಮಾನ್ಯವಾಗಿ ಗುರುತನ್ನು ಸಂಭಾಷಣೆಯ ಕೊನೆಯ ಪದಕ್ಕೆ ಕಟ್ಟುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ತೊಂದರೆ ಇದೆ. ಅಜ್ಜಿಯ ಪಾತ್ರ ಜಾತ್ರೆಯಲ್ಲಿ ಪುರಿ ಮಾರುವವಳದು. ಪ್ರತಿಯಲ್ಲಿ "ಪುರಿ ಬೇಕೇನಪ್ಪಾ" ಎಂದಿತ್ತು. ಚಿಂತಾಮಣಿಯ ಕಡೆಯ ನಮ್ಮ ಸಹಪಾಠಿ ಪಾತ್ರದಲ್ಲಿ ಮುಳುಗಿದ ಹಾಗೆ ಅದು "ಬೊರುಗುಲು ಕಾವಾಲಾ ನಾಯನಾ" ಆಗಿಬಿಡುತ್ತಿತ್ತು. ಇನ್ನೊಂದು ದಿನ ಅರ್ಧ ತೆಲುಗು, ಅರ್ಧ ಕನ್ನಡ. ಅದನ್ನು ತಡೆಯುವ ಮನಸ್ಸು ನಮಗೆ ಯಾರಿಗೂ ಬರಲಿಲ್ಲ, ಏಕೆಂದರೆ ಗೌರಿಬಿದನೂರು ಸೀಮೆಯ ಜಾತ್ರೆಯಲ್ಲಿ ಜನ ಮಾತಾಡುವುದೇ ಹಾಗೆ. ಆದರೆ "ಬೇಕೇನಪ್ಪಾ" ಎಂಬ ಪದಕ್ಕೆ ಕಾಯುತ್ತಾ ಕುಳಿತ ದೀಪದವನಿಗೆ ಆ ಪದ ಬರುವುದೇ ಇಲ್ಲ. ಹೀಗಾಗಿ ಅಜ್ಜಿಯ ದೃಶ್ಯದ ಗುರುತುಗಳನ್ನೆಲ್ಲ ಮಾತಿನಿಂದ ತೆಗೆದು ಕ್ರಿಯೆಗೆ ಕಟ್ಟಿದೆವು: ಮಂಕರಿ ಇಳಿಸಿದಾಗ, ಕೈ ಹಗ್ಗ ಹಿಡಿದಾಗ. ಯಾವ ಭಾಷೆ ಆಡಿದರೂ ಮಂಕರಿ ಇಳಿಯಲೇಬೇಕು, ಮತ್ತು ಅದು ಹಾಲಿನ ಕೊನೆಯಿಂದಲೂ ಕಾಣುತ್ತದೆ. ಕಣ್ಣು ಮಿಟುಕಿಸುವುದು, ಉಸಿರು ಬಿಡುವುದು, ಮುಖದಲ್ಲಿ ದುಃಖ ಮೂಡುವುದು ಇಂಥವು ಗುರುತಿಗೆ ಬಾರದವು.

ಕೆಂಪು ಬೆಳಕಿನ ಪ್ರಶ್ನೆ

ಇನ್ನು ಮುಖ್ಯ ವಿಷಯ. ವಿದುರಾಶ್ವತ್ಥದ ಘಟನೆ ನಡೆದದ್ದು 1938ರ ಏಪ್ರಿಲ್ 25ರಂದು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸುವ ಹಕ್ಕಿಗಾಗಿ ಸತ್ಯಾಗ್ರಹ ನಡೆಯುತ್ತಿದ್ದ ತಿಂಗಳು ಅದು. ಅದೇ ತಿಂಗಳು ಮದ್ದೂರಿನ ಬಳಿ ಶಿವಪುರದಲ್ಲೂ ಧ್ವಜ ಸತ್ಯಾಗ್ರಹ ನಡೆದಿತ್ತು. ವಿದುರಾಶ್ವತ್ಥದಲ್ಲಿ ಜಾತ್ರೆಯ ಸಮಯ. ನಿಷೇಧಾಜ್ಞೆ ಇದ್ದರೂ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರಿ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಿಲ್ಲ, ಹಾಗಾಗಿ ನಾಟಕದಲ್ಲಿ ನಾವು ಸಂಖ್ಯೆಯನ್ನೇ ಹೇಳಿಸಲಿಲ್ಲ. ಅದಾದ ಮೇಲೆ ಆದ ಒಪ್ಪಂದದಲ್ಲಿ ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಅವಕಾಶವಾಯಿತು. ಅಂದರೆ ಈ ಕಥೆಯ ನಡುಗಂಬವೇ ಆ ಬಾವುಟ: ಕೇಸರಿ, ಬಿಳಿ, ಹಸಿರು ಪಟ್ಟಿ, ನಡುವೆ ಚರಕ.

ನಾಟಕ ಸ್ಪರ್ಧೆಗಳಲ್ಲಿ ಗುಂಡು ಹಾರಿದ ಕೂಡಲೇ ವೇದಿಕೆ ಕೆಂಪಾಗುವುದು ರೂಢಿ. ನಮ್ಮ ತಂಡದಲ್ಲೂ ಹೆಚ್ಚಿನವರ ಆಸೆ ಅದೇ ಆಗಿತ್ತು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನನಗೆ ಒಂದು ಅನುಮಾನ ಬಂತು. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಎಲ್ಲ ಬಣ್ಣವನ್ನೂ ಹಿಂದಿರುಗಿಸುತ್ತದೆ. ಅದರ ಮೇಲೆ ಕೆಂಪು ಮಾತ್ರ ಬಿದ್ದರೆ ಕೆಂಪನ್ನೇ ಹಿಂದಿರುಗಿಸುತ್ತದೆ. ಕೇಸರಿ ಬಟ್ಟೆಯೂ ಕೆಂಪನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಹಾಗಾದರೆ ಕೆಂಪು ದೀಪದ ಕೆಳಗೆ ಕೇಸರಿ ಪಟ್ಟಿಗೂ ಬಿಳಿ ಪಟ್ಟಿಗೂ ವ್ಯತ್ಯಾಸ ಉಳಿಯುವುದು ಹೇಗೆ? ಹಸಿರು ಬಟ್ಟೆ ಕೆಂಪನ್ನು ಹೀರಿಕೊಳ್ಳುತ್ತದೆ, ಹಿಂದಿರುಗಿಸಲು ಅದರ ಬಳಿ ಏನೂ ಇರುವುದಿಲ್ಲ, ಆದ್ದರಿಂದ ಕಪ್ಪಾಗಬೇಕು.

ಶಿಡ್ಲಘಟ್ಟದ ಶಾಲೆಯಲ್ಲಿ ನನಗೆ ಬೆಳಕಿನ ಪಾಠವೇ ಇದ್ದುದರಿಂದ ಇದನ್ನು ಮಕ್ಕಳ ಜೊತೆಯಲ್ಲೇ ಪರೀಕ್ಷಿಸಿದೆ. ಬಾವುಟವನ್ನು ತರಲಿಲ್ಲ. ಮೂರು ಬಣ್ಣದ ಬಟ್ಟೆಯ ತುಂಡುಗಳನ್ನು ರಟ್ಟಿಗೆ ಅಂಟಿಸಿ, ಕಿಟಕಿಗಳನ್ನು ಮುಚ್ಚಿ, ಟಾರ್ಚಿನ ಮುಂದೆ ಕೆಂಪು ಜೆಲಟಿನ್ ಹಾಳೆ ಹಿಡಿದೆವು. ಹಾಳೆ ಒಂದೇ ಪದರವಿದ್ದಾಗ ಬೇರೆ ಬಣ್ಣವೂ ಸ್ವಲ್ಪ ಸೋರುತ್ತದೆ, ಹಸಿರು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಎರಡು ಪದರ ಮಾಡಿದಾಗ ಅದು ಕಪ್ಪೇ ಆಯಿತು. ಮೊದಲ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಮೇಲಿನ ಎರಡೂ ಒಂದೇ ಬಟ್ಟೆ ಆಗೋಯ್ತು" ಎಂದಳು. ನೀಲಿ ಹಾಳೆ ಹಿಡಿದಾಗ ಕೇಸರಿ ಕಪ್ಪಿಗೆ ತಿರುಗಿತು. ಸ್ಪರ್ಧೆಗಳಲ್ಲಿ ಹಗಲಿಗೆಂದು ಬಳಸುವ ಹಳದಿ ಮಿಶ್ರಿತ ಹಾಳೆಯಲ್ಲೂ ಬಿಳಿ ಪಟ್ಟಿ ಕೇಸರಿಯ ತಮ್ಮನ ಹಾಗೆ ಕಾಣುತ್ತಿತ್ತು. ಈ ಪರೀಕ್ಷೆಯನ್ನು ಕಣ್ಣಿನಿಂದಲೇ ನೋಡಬೇಕು. ಮೊಬೈಲಿನಲ್ಲಿ ಫೋಟೋ ತೆಗೆದರೆ ಕ್ಯಾಮೆರಾ ಬಣ್ಣವನ್ನು ತಾನೇ ತಿದ್ದಿಬಿಡುತ್ತದೆ, ಅದರಿಂದ ತೀರ್ಮಾನಕ್ಕೆ ಬರಲಾಗದು.

ಭಾನುವಾರ ಅದೇ ರಟ್ಟನ್ನು ತಂಡದವರಿಗೆ ತೋರಿಸಿದ ಮೇಲೆ ಚರ್ಚೆ ಹೆಚ್ಚು ಹೊತ್ತು ನಡೆಯಲಿಲ್ಲ. ಬಾವುಟಕ್ಕಾಗಿ ಸತ್ತವರ ನಾಟಕದಲ್ಲಿ, ಅವರು ಸಾಯುವ ಕ್ಷಣದಲ್ಲೇ ಬಾವುಟ ಕೆಂಪು-ಕಪ್ಪು ಎರಡು ಪಟ್ಟಿಯ ಬಟ್ಟೆಯಾಗಿ ಕಾಣುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ. ನಾಟಕಕಾರರು ಇನ್ನೊಂದು ಮಾತು ಸೇರಿಸಿದರು: ಅಲ್ಲಿ ಗುಂಡು ಹಾರಿದ್ದು ಏಪ್ರಿಲ್ ತಿಂಗಳ ಹಾಡುಹಗಲಿನಲ್ಲಿ, ಜಾತ್ರೆಗೆ ಬಂದ ಜನರ ಕಣ್ಣೆದುರು. ಹಾಗಿರುವಾಗ ಬೆಳಕು ಬದಲಾಗದೆ ಇರುವುದೇ ಹೆಚ್ಚು ಭಯಂಕರ. ಮೂಲದ "ಸೂರ್ಯನೇ ನಾಚಿ" ಎಂಬ ಸಾಲನ್ನು ಅವರೇ ಹೊಡೆದುಹಾಕಿದರು.

ಆ ಪುಟ

ಈ ತೀರ್ಮಾನದ ನಂತರ ಗೋಲಿಬಾರಿನ ಪುಟ ರಂಗಪ್ರತಿಯಲ್ಲಿ ಹೀಗಾಯಿತು.

(ಜಾತ್ರೆಯ ಬಯಲು. ಹಗಲು. ಅಜ್ಜಿ ಮುಂರಂಗದ ಎಡಕ್ಕೆ ಬಂದು ಮಂಕರಿ ಇಳಿಸುತ್ತಾಳೆ.)

ಅಜ್ಜಿ: ಪುರಿ ತಗೋ ನಾಯನಾ. ಒಂದು ಕಾಸಿಗೆ ಒಂದು ಬೊಗಸೆ.

ಯುವಕ: ಕಾಸಿಲ್ಲ ಅಜ್ಜಿ. ಬಾವುಟ ಏರಿದ ಮೇಲೆ ಬರ್ತೀನಿ.

ಬೆ 4 ಸಿದ್ಧ.

ಅಜ್ಜಿ: ಏರಿಸೋಕೆ ಬಿಡ್ತಾರೇನಪ್ಪಾ ಅವರು?

ಯುವಕ: ಬಿಡದಿದ್ರೂ ಏರತ್ತೆ. (ಹಿಂರಂಗದ ನಡುವಿನ ಕಂಬಕ್ಕೆ ನಡೆಯುತ್ತಾನೆ. ಹಗ್ಗ ಹಿಡಿಯುತ್ತಾನೆ.)

ಬೆ 4. ಗುರುತು: ಕೈ ಹಗ್ಗ ಹಿಡಿದಾಗ. ಬಾವುಟದ ದೀಪ ಪೂರ್ತಿ, 5 ಸೆಕೆಂಡ್. ಇಲ್ಲದಿದ್ದರೆ: ಗುಂಪಿನವರೆಲ್ಲ ಒಟ್ಟಿಗೆ ತಲೆ ಎತ್ತಿ ಬಾವುಟ ನೋಡುತ್ತಾರೆ.

(ಬಾವುಟ ಏರುತ್ತದೆ. ಜವಾನ ಬಲ ವಿಂಗಿನಿಂದ ಎರಡು ಹೆಜ್ಜೆ ಬಂದು ನಿಲ್ಲುತ್ತಾನೆ.)

ಜವಾನ: ಇಳಿಸು.

(ಯುವಕ ತಿರುಗುವುದಿಲ್ಲ.)

ಬೆ 5 ಸಿದ್ಧ.

(ಜವಾನ ಬಲಗೈ ಎತ್ತಿ ಇಳಿಸುತ್ತಾನೆ. ತಮಟೆ, ಮೂರು ಏಟು. ಬೆಳಕು ಬದಲಾಗುವುದಿಲ್ಲ. ಮೂರನೇ ಏಟಿಗೆ ಯುವಕ ಕಂಬಕ್ಕೆ ಒರಗಿ ಮೆಲ್ಲಗೆ ಕೂರುತ್ತಾನೆ. ಅಜ್ಜಿ ಎದ್ದಾಗ ಮಂಕರಿ ಉರುಳಿ ಪುರಿ ಚೆಲ್ಲುತ್ತದೆ.)

ಬೆ 5. ಗುರುತು: ಮಂಕರಿ ಉರುಳಿ ನಿಂತಾಗ. ಬಾವುಟದ ದೀಪ ಪೂರ್ತಿ ಹಾಗೇ. ಉಳಿದವೆಲ್ಲ ಅರ್ಧಕ್ಕೆ, 12 ಸೆಕೆಂಡ್. ಇಲ್ಲದಿದ್ದರೆ: ಸ್ವಿಚ್ ಒಂದೊಂದಾಗಿ, ನಾಲ್ಕು ಸೆಕೆಂಡಿಗೊಂದರಂತೆ ಮೂರು ಆರಿಸುವುದು. ಮೊದಲು ಬಲ, ಆಮೇಲೆ ಎಡ, ಆಮೇಲೆ ಮುಂದಿನದು.

ಇಲ್ಲಿ "ಬೆಳಕು ಬದಲಾಗುವುದಿಲ್ಲ" ಎಂಬ ಎರಡು ಪದವನ್ನು ಗಮನಿಸಿ. ಬದಲಾವಣೆ ಇಲ್ಲದಿದ್ದರೆ ಬರೆಯುವ ಅಗತ್ಯವೇನು ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ತಮಟೆಯ ಏಟು ಬಿದ್ದಾಗ ದೀಪದವರ ಕೈ ತಾನಾಗಿಯೇ ಕೆಂಪಿನ ಕಡೆಗೆ ಹೋಗುತ್ತದೆ, ಏಕೆಂದರೆ ಬೆಳಿಗ್ಗೆಯಿಂದ ಎಲ್ಲ ತಂಡಗಳಿಗೂ ಹಾಗೆ ಮಾಡಿದ್ದಾರೆ. ಪ್ರತಿ ಹಿಡಿದವನು ಆ ಸಾಲನ್ನು ಅವರ ಕಿವಿಯಲ್ಲಿ ಹೇಳಲೇಬೇಕು.

ಬೆ 5ರ ಗುರುತನ್ನು ತಮಟೆಗೆ ಕಟ್ಟದೆ ಮಂಕರಿಗೆ ಕಟ್ಟಿದ್ದಕ್ಕೂ ಕಾರಣವಿದೆ. ತಗಡಿನ ಛಾವಣಿಯ ಹಾಲಿನಲ್ಲಿ ಮೂರು ಏಟು ಮಾರ್ದನಿಯೊಡನೆ ನಾಲ್ಕು ಐದಾಗಿ ಕೇಳಿಸುತ್ತದೆ, ಮೂರನೆಯದು ಯಾವುದೆಂದು ಹಿಂದೆ ಕುಳಿತವನಿಗೆ ಖಚಿತವಾಗುವುದಿಲ್ಲ. ಇನ್ನೊಂದು, ಆ ದೃಶ್ಯದಲ್ಲಿ ನಡೆಯುವ ಕೊನೆಯ ಚಲನೆ ಮಂಕರಿಯದು. ಅದಾದ ಮೇಲೆ ಎಲ್ಲರೂ ಸ್ತಬ್ಧ. ಸ್ತಬ್ಧತೆಯೊಳಗೆ ಹನ್ನೆರಡು ಸೆಕೆಂಡ್ ಬೆಳಕು ಇಳಿಯುವುದು ಕಾಣುತ್ತದೆ, ಚಲನೆಯ ನಡುವೆ ಇಳಿದರೆ ಯಾರಿಗೂ ಕಾಣದು. ಹನ್ನೆರಡು ಸೆಕೆಂಡ್ ಎಂದರೆ ಓದುವಾಗ ಕಡಿಮೆ ಅನ್ನಿಸುತ್ತದೆ. ಗಡಿಯಾರ ಹಿಡಿದು ಸುಮ್ಮನೆ ನಿಂತು ನೋಡಿದರೆ ಅದು ಎಷ್ಟು ಉದ್ದವೆಂದು ಗೊತ್ತಾಗುತ್ತದೆ.

ಚೆಲ್ಲಿದ ಪುರಿ ಬೇರೊಂದು ಲೆಕ್ಕ ತಂದಿತು. ವಿಶ್ವವಿದ್ಯಾಲಯಗಳ ಯುವಜನೋತ್ಸವದ ಏಕಾಂಕ ಸ್ಪರ್ಧೆಗಳಲ್ಲಿ ನಾಟಕಕ್ಕೆ 30 ನಿಮಿಷ, ರಂಗಸಜ್ಜಿಕೆ ಹೂಡಿ ತೆಗೆಯಲು 10 ನಿಮಿಷ ಎಂಬ ನಿಯಮವಿದೆ. ಖಾಲಿ ವೇದಿಕೆ ಪಡೆದು ಖಾಲಿ ವೇದಿಕೆ ಒಪ್ಪಿಸಬೇಕು. ನಮ್ಮ ಸ್ಪರ್ಧೆಯಲ್ಲೂ ಅದನ್ನೇ ಅನುಸರಿಸಿದ್ದರು. ಹಲಗೆಯ ಸಂದಿಗೆ ಸೇರಿದ ಪುರಿಯನ್ನು ಗುಡಿಸುವುದಕ್ಕೆ ಹೊರಟರೆ ಆ ಹತ್ತು ನಿಮಿಷ ಸಾಲದು, ಮುಂದಿನ ತಂಡದ ನಟರು ಜಾರಿ ಬೀಳಲೂಬಹುದು. ಮಂಕರಿಯ ಕೆಳಗೆ ಮೊದಲೇ ಗೋಣಿತಟ್ಟು ಹಾಸಿ, ಪುರಿ ಅದರ ಮೇಲೇ ಬೀಳುವಂತೆ ಉರುಳಿಸುವುದನ್ನು ಅಜ್ಜಿ ಬೇಕಾದಷ್ಟು ಸಲ ಅಭ್ಯಾಸ ಮಾಡಬೇಕಾಯಿತು. ಜಾತ್ರೆಯಲ್ಲಿ ಪುರಿ ಮಾರುವವಳು ಗೋಣಿತಟ್ಟು ಹಾಸಿಕೊಳ್ಳುವುದು ಸಹಜವೇ, ನೋಡಿದವರಿಗೆ ಅಸಹಜ ಅನ್ನಿಸಲಿಲ್ಲ.

ದೀಪ ಮತ್ತು ವಿದ್ಯುತ್ತು

ಬಾವುಟದ ದೀಪವನ್ನು ಯಾವ ಹಂತದಲ್ಲೂ ಅರ್ಧಕ್ಕೆ ಇಳಿಸಬಾರದು ಎಂದು ಪ್ರತಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದೆವು. ಹ್ಯಾಲೋಜನ್ ದೀಪದಲ್ಲಿ ಬೆಳಕು ಬರುವುದು ಕಾದ ತಂತಿಯಿಂದ. ಡಿಮ್ಮರಿನಲ್ಲಿ ಕಡಿಮೆ ಮಾಡಿದಾಗ ತಂತಿಯ ತಾಪ ಇಳಿದು, ಬೆಳಕು ಮಂದವಾಗುವುದರ ಜೊತೆಗೆ ಹಳದಿ-ಕೆಂಪಿನ ಕಡೆಗೆ ವಾಲುತ್ತದೆ. ಹಾಳೆ ಹಾಕದಿದ್ದರೂ ಬಿಳಿ ಪಟ್ಟಿ ಮತ್ತೆ ಕೇಸರಿಯತ್ತ ಸರಿಯುತ್ತದೆ. ಎಲ್‌ಇಡಿ ದೀಪಕ್ಕೆ ಈ ಗುಣವಿಲ್ಲ. ಆದರೆ ಕೆಂಪು, ಹಸಿರು, ನೀಲಿ ಮೂರನ್ನೇ ಬೆರೆಸಿ ಬಿಳಿ ಮಾಡುವ ಅಗ್ಗದ ಎಲ್‌ಇಡಿಯಲ್ಲಿ ಕೇಸರಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಯಾವುದು ಸಿಕ್ಕರೂ ಮೊದಲು ಬಟ್ಟೆಯ ರಟ್ಟು ಹಿಡಿದು ನೋಡುವುದು ಎಂದು ನಿರ್ಧರಿಸಿದ್ದೆವು.

ದೀಪಗಳ ಸಂಖ್ಯೆಯನ್ನು ಪ್ರತಿಯೇ ಮಿತಿಗೊಳಿಸಬೇಕು, ಏಕೆಂದರೆ ಕಾಲೇಜಿನ ಸಭಾಂಗಣ ರಂಗಮಂದಿರವಲ್ಲ. ಗೋಡೆಯ 16 ಆಂಪಿಯರ್ ಸಾಕೆಟ್ಟಿನಿಂದ 230 ವೋಲ್ಟಿನಲ್ಲಿ ಹೆಚ್ಚೆಂದರೆ 3680 ವ್ಯಾಟ್ ಸಿಗುತ್ತದೆ. ನಮ್ಮದು 500 ವ್ಯಾಟಿನ ನಾಲ್ಕು, ಬಾವುಟಕ್ಕೆ 1000 ವ್ಯಾಟಿನ ಒಂದು, ಒಟ್ಟು 3000 ವ್ಯಾಟ್, ಸುಮಾರು 13 ಆಂಪಿಯರ್. ಧ್ವನಿವರ್ಧಕವನ್ನೂ ಪೆಡೆಸ್ಟಲ್ ಫ್ಯಾನನ್ನೂ ಅದೇ ಸಾಲಿಗೆ ಸಿಕ್ಕಿಸಲು ಬಿಡಬಾರದು. ಗೋಲಿಬಾರಿನ ದೃಶ್ಯದಲ್ಲಿ ಐದೂ ದೀಪ ಒಟ್ಟಿಗೆ ಉರಿಯುತ್ತವೆ, ಎಂಸಿಬಿ ಬೀಳುವುದಾದರೆ ಅಲ್ಲೇ ಬೀಳುತ್ತದೆ.

"ಕತ್ತಲು" ಎಂಬ ಸೂಚನೆಯನ್ನು ನಾವು ಪ್ರತಿಯಲ್ಲಿ ಎಲ್ಲೂ ಬರೆಯಲಿಲ್ಲ. ಸ್ಪರ್ಧೆ ನಡೆಯುವುದು ಹಗಲಿನಲ್ಲಿ, ಹಾಲಿನ ಮೇಲ್ಭಾಗದ ಗವಾಕ್ಷಿಗಳನ್ನು ಯಾರೂ ಮುಚ್ಚಿರುವುದಿಲ್ಲ. ದೀಪವೆಲ್ಲ ಆರಿಸಿದರೂ ನಟರು ಎದ್ದು ಹೋಗುವುದು ಚೆನ್ನಾಗಿಯೇ ಕಾಣುತ್ತದೆ. ಸತ್ತ ಪಾತ್ರದವನು ಬಟ್ಟೆ ಕೊಡವಿಕೊಂಡು ಎದ್ದರೆ ಸಭೆಯಲ್ಲಿ ನಗು ಬರುತ್ತದೆ. ಆದ್ದರಿಂದ ದೃಶ್ಯದ ಕೊನೆಗೆ ಅಜ್ಜಿ ಯುವಕನ ಬಳಿ ಹೋಗಿ ತನ್ನ ಮೇಲುಹೊದಿಕೆ ಹೊದಿಸುತ್ತಾಳೆ, ಇಬ್ಬರು ಅವನನ್ನು ಎತ್ತಿಕೊಂಡು ಬಲ ವಿಂಗಿಗೆ ನಡೆಯುತ್ತಾರೆ ಎಂದು ಬರೆದೆವು. ಬೆಳಕು ಮಾಡಬೇಕಾಗಿದ್ದ ಕೆಲಸ ರಂಗಸೂಚನೆಗೆ ಬಂತು. ನನ್ನ ಅಭಿಪ್ರಾಯದಲ್ಲಿ ಅದು ಕತ್ತಲಿಗಿಂತ ಮೇಲಾಯಿತು.

ಸ್ಪರ್ಧೆಯ ದಿನ ವೇದಿಕೆಯಲ್ಲಿ ಡಿಮ್ಮರ್ ಇರಲಿಲ್ಲ, ಸ್ವಿಚ್ ಬೋರ್ಡ್ ಮಾತ್ರ. ನಮ್ಮ ಪ್ರತಿಯವನು ಏಳೂ ಸೂಚನೆಗಳಲ್ಲಿ "ಇಲ್ಲದಿದ್ದರೆ" ಎಂದು ಬರೆದ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಗುಂಡು ಸುತ್ತಿ, ದೀಪದವರಿಗೆ ಐದು ನಿಮಿಷದಲ್ಲಿ ವಿವರಿಸಿದ. ಬೆ 5ರಲ್ಲಿ ಮೂರು ಸ್ವಿಚ್ಚು ಒಂದೊಂದಾಗಿ ಆರಿದವು. ಪ್ರತಿಸಲವೂ "ಟಕ್" ಎಂಬ ಸದ್ದು ಮೊದಲ ಸಾಲಿನವರೆಗೆ ಕೇಳಿಸಿತು. ಆ ಸದ್ದು ನಮ್ಮ ಯೋಜನೆಯಲ್ಲಿ ಇರಲಿಲ್ಲ, ಆದರೆ ತಮಟೆಯ ಮೂರು ಏಟಿನ ನಂತರ ಅದು ಬೇಡವೆನ್ನುವ ಹಾಗೂ ಇರಲಿಲ್ಲ. ತೀರ್ಪುಗಾರರೊಬ್ಬರು ಆಮೇಲೆ ಅದನ್ನು ಬೇಕೆಂದೇ ಮಾಡಿದ್ದಾ ಎಂದು ಕೇಳಿದರು. ಬೋರ್ಡ್ ಹಾಗಿತ್ತು ಎಂದು ಹೇಳಿದೆವು.

ಈಗ ಗೌರಿಬಿದನೂರಿನ ಸಹಪಾಠಿ ಇದೇ ನಾಟಕವನ್ನು ತನ್ನ ಶಾಲೆಯ ಮಕ್ಕಳಿಂದ ಶಾಲಾ ಬಯಲಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ ಆಡಿಸಬೇಕೆಂದಿದ್ದಾನೆ. ದೀಪವೇ ಇಲ್ಲ. ಬೆ 4ಕ್ಕೆ ಮಕ್ಕಳೆಲ್ಲ ತಲೆ ಎತ್ತುವ ಸಾಲು ಹಾಗೆಯೇ ಉಳಿಯುತ್ತದೆ. ಬೆ 5ಕ್ಕೆ ಅವನು ಬರೆದುಕೊಂಡಿರುವುದು ಇದು: ಮಂಕರಿ ಉರುಳಿ ನಿಂತಾಗ, ಬಲತುದಿಯಿಂದ ಶುರುಮಾಡಿ ಮಕ್ಕಳು ಒಬ್ಬೊಬ್ಬರಾಗಿ, ನಾಲ್ಕು ಎಣಿಸಿ, ಬಾವುಟದ ಕಡೆಗೆ ಮುಖ ಮಾಡಿ ಬಿಸಿಲಿಗೆ ಬೆನ್ನು ಕೊಟ್ಟು ಕೂರುವುದು. ಕಂಬವನ್ನು ಬಯಲಿನ ಪಡುವಣ ಬದಿಗೆ ನೆಡಬೇಕೆಂದು ಪಕ್ಕದಲ್ಲಿ ಟಿಪ್ಪಣಿ ಇದೆ. ಹನ್ನೊಂದರ ಬಿಸಿಲು ಮೂಡಣದ ಕಡೆಯಿಂದ ಬಂದು ಬಾವುಟದ ಮೇಲೆ ನೇರವಾಗಿ ಬೀಳಲಿ ಎಂದು.